ಸೀಟು ಮೇಷ್ಟ್ರ ಐದು ಪದರ

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬೈಕು, ಸ್ಕೂಟರುಗಳಿಗೆ ಸೀಟು ಹೊಲಿಯುವ ಅಂಗಡಿಯೊಂದಿದೆ. ಅದರ ಯಜಮಾನರನ್ನು ಎಲ್ಲರೂ ಸೀಟು ಮೇಷ್ಟ್ರು ಎನ್ನುತ್ತಾರೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಹರಿದ ಸೀಟು ಹಿಡಿದು ಬಂದ ಯಾರನ್ನೂ ಎರಡು ಬುದ್ಧಿಮಾತು ಹೇಳದೆ ಕಳಿಸಿದವರೂ ಅಲ್ಲ. "ಸೀಟು ಅಂದ್ರೆ ಸುಮ್ನೆ ಅಲ್ಲ ರೀ" ಎಂದು ಶುರುಮಾಡಿದರೆ ರೆಕ್ಸಿನ್ ಕತ್ತರಿಸಿ, ಎಳೆದು, ಪಿನ್ನು ಹೊಡೆದು ಮುಗಿಯುವ ತನಕ ಬಾಯಿಗೆ ಬಿಡುವಿಲ್ಲ.

ಅವರ ಪರೀಕ್ಷೆ ಒಂದೇ. ಸಿದ್ಧವಾದ ಸೀಟನ್ನು ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುವುದು. ಬೆರಳು ಮೆತ್ತಗೆ ಒಳಗಿಳಿದು ಮೆಲ್ಲಗೆ ಮೇಲೆ ಬಂದರೆ ಮೇಷ್ಟ್ರ ಮುಖದಲ್ಲಿ ಇಡೀ ಜಗತ್ತಿಗೇ ಆಸನ ಕೊಟ್ಟ ಗತ್ತು. ಇಪ್ಪತ್ತಾರು ವರ್ಷಗಳಿಂದ ಆ ಹೆಬ್ಬೆರಳೇ ಅವರ ಸುಪ್ರೀಂ ಕೋರ್ಟು.

ಮನೆಯಿಂದ ಅಂಗಡಿಗೆ ಇಪ್ಪತ್ತೆಂಟು ಕಿಲೋಮೀಟರು. ಗುಂಡಿ, ಉಬ್ಬು, ಸಿಗ್ನಲ್ಲು ಎಲ್ಲ ಸೇರಿ ಒಂದು ಗಂಟೆಯ ದಾರಿ. ಅವರ ಹೆಂಡತಿ ಅಂಗಡಿಯಿಂದ ಎರಡು ಬೀದಿ ಆಚೆಯ ಆಸ್ಪತ್ರೆಯಲ್ಲಿ, ಬೆನ್ನು ಕತ್ತು ಮೊಣಕಾಲು ನೋವಿನವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ವಿಭಾಗದಲ್ಲಿ ಆಯಾ. ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ಮನೆಯಲ್ಲಿ ಅಡುಗೆ, ಬಟ್ಟೆ, ಟೀವಿ, ನಿದ್ದೆ. ಮಾತೆಂಬುದು ನಡೆಯುತ್ತಿದ್ದದ್ದೇ ಬೈಕಿನ ಮೇಲೆ. ಹಿಂದಿನಿಂದ ಆಕೆ ಹೆಲ್ಮೆಟ್ಟಿಗೆ ಬಾಯಿ ತಂದು ಹೇಳುವುದು, ಮುಂದಿನಿಂದ ಇವರು "ಹ್ಞಾ? ಏನು? ಆಮೇಲೆ?" ಎನ್ನುವುದು. ಮಗಳ ಮದುವೆಯೂ ಆ ಸೀಟಿನ ಮೇಲೆಯೇ ನಿಶ್ಚಯವಾದದ್ದು.

ಇಂಥ ಮೇಷ್ಟ್ರಿಗೇ ಸೊಂಟ ಹಿಡಿಯಿತು. ಆಮೇಲೆ ಕತ್ತು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಇವರು ನೇರವಾಗಿ ತಮ್ಮ ಅಂಗಡಿಗೇ ಹೋಗಿ, ಸೀಟು ಬಿಚ್ಚಿ, ಬೆರಳು ದಪ್ಪದ ಮೆತ್ತನೆ ಫೋಮು ಒಂದು ಪದರ ಸೇರಿಸಿದರು. ನಾಲ್ಕು ದಿನ ಹಾಯೆನಿಸಿತು. ಐದನೆಯ ದಿನ ನೋವು ಮತ್ತೆ ಬಂತು. ಇನ್ನೊಂದು ಪದರ ಬಿತ್ತು. ಹೆಂಡತಿ, "ರೀ, ಒಂದ್ಸಲ ನಮ್ಮ ಫಿಸಿಯೋಥೆರಪಿ ಮೇಡಮ್ಮಿಗೆ ತೋರಿಸ್ರಿ" ಎಂದರೆ, "ಸೀಟಿನ ವಿಷಯ ನಂಗೇ ಹೇಳ್ಕೊಡ್ತಾರಾ ನಿಮ್ಮ ಮೇಡಮ್ಮು?" ಎಂದು ಮೂಗು ಮುರಿದರು. ಹೀಗೆ ಐದು ಪದರವಾಯಿತು. ಸಾಲದ್ದಕ್ಕೆ ಸೊಂಟಕ್ಕೆ ಆಸರೆ ಇರಲಿ ಎಂದು ಹಿಂದೊಂದು ದಿಂಬಿನಂಥ ದಿಬ್ಬವನ್ನೂ ಕಟ್ಟಿದರು. ಕೊನೆಗೆ ಬೈಕು ನಿಲ್ಲಿಸಿದರೆ ತುದಿಗಾಲು ಮಾತ್ರ ನೆಲಕ್ಕೆ ತಾಗುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ವಾಹನದ ಬದಲು ತಮ್ಮದೇ ಅಂಗಿಯ ಗುಂಡಿ ಕಾಣುತ್ತಿತ್ತು.

ದಿಬ್ಬ ಬಂದ ಮೇಲೆ ಹಿಂದೆ ಉಳಿದದ್ದು ಒಂದು ಅಂಗೈ ಅಗಲದ ಜಾಗ. ಹೆಂಡತಿ ಒಂದು ವಾರ ಹಲ್ಲು ಕಚ್ಚಿ ಕೂತರು. ಎಂಟನೆಯ ದಿನ ಆಸ್ಪತ್ರೆಯ ಮುಂದೆ ಇಳಿದು, "ನಾಳೆಯಿಂದ ನಾನು ಬಸ್ಸಿಗೆ ಹೋಗ್ತೀನಿ. ನೀವೂ ನಿಮ್ಮ ಸಿಂಹಾಸನಾನೂ ಸುಖವಾಗಿರಿ" ಎಂದು ತಿರುಗಿ ನೋಡದೆ ಒಳಗೆ ನಡೆದರು.

ಎರಡು ದಿನಕ್ಕೆ ಸರಿಹೋಗುತ್ತಾಳೆ ಎಂದುಕೊಂಡಿದ್ದರು ಮೇಷ್ಟ್ರು. ನಾಲ್ಕು ತಿಂಗಳಾಯಿತು. ಇಪ್ಪತ್ತೆಂಟು ಕಿಲೋಮೀಟರು ಹೋಗುತ್ತ, ಇಪ್ಪತ್ತೆಂಟು ಕಿಲೋಮೀಟರು ಬರುತ್ತ ಹಿಂದಿನಿಂದ ಒಂದು ಪಿಟ್ಟೆನ್ನುವ ಸದ್ದಿಲ್ಲ. ಒಮ್ಮೆ ಅಭ್ಯಾಸಬಲದಿಂದ "ಹ್ಞಾ? ಆಮೇಲೆ?" ಎಂದು ಖಾಲಿ ಸೀಟಿಗೆ ಕೇಳಿ ತಾವೇ ಬೆಚ್ಚಿದರು. ಬೆನ್ನುನೋವಿಗಿಂತ ಆ ಮೌನ ಹೆಚ್ಚು ಹಿಂಸೆಯಾಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ಗಂಡಸಿಗೆ ಎಲ್ಲಿಂದ ಬರಬೇಕು? ನೋವು ಹೋದರೆ ದಿಬ್ಬ ತೆಗೆಯಬಹುದು, ದಿಬ್ಬ ತೆಗೆದರೆ ಅವಳು ಬರುತ್ತಾಳೆ ಎಂದಷ್ಟೇ ಅವರ ಲೆಕ್ಕ. ನೋವು ಮಾತ್ರ ಹೋಗಲಿಲ್ಲ. ಕತ್ತು ಹೊರಳದೆ, ಎಡಗಡೆಯಿಂದ ಯಾರಾದರೂ ಕರೆದರೆ ಬೀರು ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು.

ಒಂದು ಬೆಳಿಗ್ಗೆ ಆ ಮೇಡಮ್ಮೇ ಸೀಟು ಹರಿದ ಸ್ಕೂಟರು ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಯಾರು ಕಳಿಸಿದ್ದು ಎಂದು ಕೇಳುವ ಅಗತ್ಯ ಮೇಷ್ಟ್ರಿಗೆ ಬೀಳಲಿಲ್ಲ. ಆಕೆ ಸ್ಕೂಟರಿನ ಮಾತು ಬಿಟ್ಟು ಮೇಷ್ಟ್ರನ್ನೇ ಮೇಲಿನಿಂದ ಕೆಳಗೆ ನೋಡಿದರು.

"ಕಾಲಿಗೆ ಜೋಮು ಹಿಡಿಯುತ್ತಾ?"

"ಇಲ್ಲ."

"ಕಾಲಿನಲ್ಲಿ ಶಕ್ತಿ ಕಡಿಮೆ ಅನ್ಸುತ್ತಾ? ಕೈ ಮರಗಟ್ಟುತ್ತಾ? ಮೂತ್ರಕ್ಕೆ ಏನಾದ್ರೂ ತೊಂದರೆ?"

ಮೇಷ್ಟ್ರು ಅಕ್ಕಪಕ್ಕ ನೋಡಿದರು. ಎದುರಂಗಡಿಯ ಪಂಕ್ಚರಿನವನು ಕಿವಿ ನೆಟ್ಟಗೆ ಮಾಡಿಕೊಂಡಿದ್ದ. "ಅಂಥದ್ದೇನೂ ಇಲ್ಲ ಮೇಡಮ್. ನೀವು ಸೀಟು ಹೊಲಿಸೋಕೆ ಬಂದಿದ್ದೀರಿ."

"ಹೌದು. ಅದರಲ್ಲಿ ಒಂದಿದ್ರೂ ಈಗ್ಲೇ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಿದ್ದೆ. ಇಲ್ಲ ತಾನೆ? ಹಾಗಾದ್ರೆ ನಿಮ್ಮ ಬೈಕಿನ ಮೇಲೆ ಕೂತ್ಕೊಳ್ಳಿ. ಹೆಲ್ಮೆಟ್ ಹಾಕ್ಕೊಂಡು, ದಿನಾ ಹೇಗೆ ಕೂರ್ತೀರೋ ಹಾಗೆ."

ಮೇಷ್ಟ್ರು ಮೊದಲು ಹೆಬ್ಬೆರಳಿನಿಂದ ಸೀಟು ಒತ್ತಿ ತೋರಿಸಿದರು. "ನೋಡಿ ಮೇಡಮ್, ಬೆಣ್ಣೆ."

"ಹೆಬ್ಬೆರಳಿಗೆ ಬೆನ್ನಿದೆಯಾ ಮೇಷ್ಟ್ರೇ? ಹತ್ತಿ."

ಹತ್ತಿದರು. ಮೇಡಮ್ಮು ಪಕ್ಕದಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕೈಗೆ ಕೊಟ್ಟರು. ಮೇಷ್ಟ್ರು ನೋಡಿದರು. ಮೊದಲು, ಯಾರೋ ಪಾಪ, ವಯಸ್ಸಾದವರು ಎಂದುಕೊಂಡರು. ಆಮೇಲೆ ಅಂಗಿ ಗುರುತು ಸಿಕ್ಕಿತು. ಬೆನ್ನು ಬಿಲ್ಲಿನಂತೆ ಗೂನಾಗಿ ಹಿಂದಕ್ಕೆ ಉಬ್ಬಿದೆ, ಕೈಗಳು ಕೆಳಗಿರುವ ಹ್ಯಾಂಡಲ್ಲಿಗೆ ನೆಟ್ಟಗೆ ಚಾಚಿವೆ, ರಸ್ತೆ ಕಾಣಲೆಂದು ಕತ್ತು ಮಾತ್ರ ಮೇಲಕ್ಕೆ ಮುರಿದುಕೊಂಡಿದೆ. ಇಪ್ಪತ್ತಾರು ವರ್ಷಗಳಲ್ಲಿ ಸಾವಿರಾರು ಸೀಟು ನೋಡಿದ್ದ ಮನುಷ್ಯ, ಎಲ್ಲವನ್ನೂ ಖಾಲಿ ಇದ್ದಾಗಲೇ ನೋಡಿದ್ದ. ಮೇಲೆ ಕೂತವರನ್ನು ಪಕ್ಕದಲ್ಲಿ ನಿಂತು ಒಮ್ಮೆಯೂ ನೋಡಿರಲಿಲ್ಲ.

"ಮೆತ್ತನೆ ಫೋಮು ಎರಡು ನಿಮಿಷ ಸುಖ ಕೊಡುತ್ತೆ" ಎಂದರು ಮೇಡಮ್ಮು. "ಅರ್ಧ ಗಂಟೆ ಆದ್ಮೇಲೆ ಅದು ನಿಮ್ಮ ಭಾರಕ್ಕೆ ಕುಸಿಯುತ್ತೆ, ಸೊಂಟ ಹಿಂದಕ್ಕೆ ಉರುಳುತ್ತೆ, ಬೆನ್ನು ಗೂನಾಗುತ್ತೆ. ಪದರ ಸೇರಿಸಿದಷ್ಟೂ ನೀವು ಮೇಲೆ, ಹ್ಯಾಂಡಲ್ಲು ಕೆಳಗೆ. ಕತ್ತು ಪಾಪ ಏನು ಮಾಡಬೇಕು? ಇನ್ನು, ಆ ಹಿಂದಿನ ಜೇಬಲ್ಲಿ ಏನದು ಇಟ್ಟಿಗೆ?"

ಇಟ್ಟಿಗೆಯಲ್ಲ, ಪರ್ಸು. ಗಿರಾಕಿಗಳ ಚೀಟಿ ತುಂಬಿ ಅಷ್ಟು ದಪ್ಪವಾಗಿತ್ತು. ಅದರ ಮೇಲೆ ಕೂತು ಸೊಂಟ ಒಂದು ಕಡೆ ಎತ್ತರವಾಗಿತ್ತು. ಎದುರಂಗಡಿಯವನು ನಕ್ಕ ಸದ್ದು ಕೇಳಿ ಮೇಷ್ಟ್ರಿಗೆ ಅವಮಾನವಾಯಿತು. ಆದರೂ ಆ ಫೋಟೋ ಕಣ್ಣಿಂದ ಹೋಗಲಿಲ್ಲ.

ಅಂದು ಮಧ್ಯಾಹ್ನವೇ ಐದೂ ಪದರ ಕಿತ್ತರು, ದಿಬ್ಬವನ್ನೂ ಕಿತ್ತರು. ಒತ್ತಿದರೆ ಅಷ್ಟು ಸುಲಭಕ್ಕೆ ಬಗ್ಗದ ಗಟ್ಟಿ ಫೋಮು ಒಂದೇ ಪದರ, ಮುಂದಕ್ಕೆ ಜಾರದಂತೆ ಸಮತಟ್ಟಾಗಿ ಹಾಕಿದರು. ಹೆಬ್ಬೆರಳು ಮುನಿಸಿಕೊಂಡಿತು, ಮೇಷ್ಟ್ರು ಅದಕ್ಕೆ ಸೊಪ್ಪು ಹಾಕಲಿಲ್ಲ. ಮೆಕ್ಯಾನಿಕ್ಕಿನಿಂದ ಹ್ಯಾಂಡಲ್ಲನ್ನು ಮೊಣಕೈ ಸ್ವಲ್ಪ ಮಡಿಸುವಷ್ಟು ಹತ್ತಿರಕ್ಕೆ ತಿರುಗಿಸಿಕೊಂಡರು. ಟೈರಿನ ಗಾಳಿ ಸರಿಮಾಡಿಸಿದರು. ಪರ್ಸು ಮುಂದಿನ ಜೇಬಿಗೆ ಬಂತು.

ಇನ್ನೊಂದು ಅಪ್ಪಣೆಯಿತ್ತು: ಅರ್ಧ ದಾರಿಯಲ್ಲಿ ಇಳಿಯಬೇಕು. ನಾಲ್ಕು ಹೆಜ್ಜೆ ನಡೆದು, ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ಐದಾರು ಸಲ ಬಾಗಬೇಕು, ಭುಜ ಸುತ್ತಿಸಬೇಕು, ಗಲ್ಲವನ್ನು ನೇರವಾಗಿ ಹಿಂದಕ್ಕೆ ಎಳೆದುಕೊಳ್ಳಬೇಕು. ನೋವು ಹೆಚ್ಚಾದರೆ ನಿಲ್ಲಿಸಬೇಕು. "ಕತ್ತು ಲಟಲಟ ಅನ್ನಿಸೋ ಕೆಲಸ ಮಾತ್ರ ಬೇಡ" ಎಂದೂ ಮೇಡಮ್ಮು ಎಚ್ಚರಿಸಿದ್ದರು.

ಅರ್ಧ ದಾರಿಗೆ ಸರಿಯಾಗಿ ದೊಡ್ಡ ನೀರಿನ ಟ್ಯಾಂಕು. ಮೊದಲ ದಿನ ಮೇಷ್ಟ್ರು ಅದರ ಕೆಳಗೆ ನಿಂತು ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿದರು. ಹಾಲಿನ ಗಾಡಿಯವನೊಬ್ಬ ನಿಂತು ತಾನೂ ಮೇಲೆ ನೋಡಿದ. ಅವನನ್ನು ನೋಡಿ ಇನ್ನಿಬ್ಬರು ನಿಂತರು. "ಬಿರುಕು ಬಿಟ್ಟಿದೆಯಾ?" ಎಂದು ಒಬ್ಬ ಕೇಳಿದ. ಗಲ್ಲ ಹಿಂದಕ್ಕೆ ಎಳೆದುಕೊಂಡಿದ್ದ ಮೇಷ್ಟ್ರು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆ ಗಂಭೀರ ಮುಖ ನೋಡಿ ಹೌದೆಂದೇ ಎಲ್ಲರೂ ತಿಳಿದರು. ಮರುದಿನ ನೀರಿನ ಇಲಾಖೆಯವನೊಬ್ಬ ಏಣಿ ಹಾಕಿ ಟ್ಯಾಂಕು ಪರೀಕ್ಷೆ ಮಾಡುತ್ತಿದ್ದ. ಮೇಷ್ಟ್ರು ಏನೂ ಅರಿಯದವರಂತೆ ಆಚೆ ತಿರುಗಿ ಭುಜ ಸುತ್ತಿಸಿದರು.

ನೋವೇನು ಮಂತ್ರ ಹಾಕಿದ ಹಾಗೆ ಮಾಯವಾಗಲಿಲ್ಲ. ಒಂದು ವಾರ ಹಾಗೇ ಇತ್ತು, ಆಮೇಲೆ ಇಷ್ಟಿಷ್ಟೇ ಇಳಿಯಿತು. ಐದನೆಯ ವಾರ ಎಡಗಡೆಯಿಂದ ಗಿರಾಕಿ ಕರೆದಾಗ ಬರೀ ಕತ್ತು ತಿರುಗಿತು. ಮೇಷ್ಟ್ರಿಗೆ ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಬೆಳಿಗ್ಗೆ ಬೈಕನ್ನು ಒರೆಸಿ ಬಾಗಿಲ ಮುಂದೆ ನಿಲ್ಲಿಸಿ, "ಲೇ, ಬಾರೇ. ದಿಬ್ಬ ಹೋಯ್ತು, ನೋವೂ ಹೋಯ್ತು. ಹತ್ತು" ಎಂದು ಕೂಗಿದರು.

ಹೆಂಡತಿ ಬಸ್ಸಿನ ಚೀಲ ಹೆಗಲಿಗೇರಿಸಿ ಹೊರಗೆ ಬಂದರು. ಸೀಟಿನ ಹಿಂಭಾಗದ ಮೇಲೆ ಒಮ್ಮೆ ಕೈಯಾಡಿಸಿದರು.

"ನಾನು ಹತ್ತಲ್ಲ ರೀ."

"ಯಾಕೆ? ಜಾಗ ಇದೆಯಲ್ಲ?"

"ಜಾಗ ಇದೆ. ನಿಮ್ಮ ಕಡೆ ಸರಿಮಾಡ್ಕೊಂಡ್ರಿ. ನನ್ನ ಕಡೆ ಇಪ್ಪತ್ತು ವರ್ಷದ ಹಳೇ ಇಳಿಜಾರೇ ಇದೆ. ನೀವು ಬ್ರೇಕ್ ಹಾಕಿದಾಗಲೆಲ್ಲ ಜಾರಿ ನಿಮ್ಮ ಬೆನ್ನಿಗೆ ಬಡೀತೀನಿ. ಜಾರಬಾರದು ಅಂತ ಕೈ ಹಿಂದೆ ಮಾಡಿ ಕಂಬಿ ಹಿಡ್ಕೊಂಡು ಕೂರ್ತೀನಿ. ನನಗೂ ಸೊಂಟ ಇದೆ ರೀ. ಎರಡು ವರ್ಷದಿಂದ ನೋಯ್ತಿದೆ. ಬಸ್ಸು ಹತ್ತಿದ್ದು ದಿಬ್ಬಕ್ಕಲ್ಲ. ದಿಬ್ಬ ಒಂದು ನೆಪ ಸಿಕ್ತು."

"ಎರಡು ವರ್ಷ! ಹೇಳ್ಬಾರ್ದಿತ್ತಾ?"

"ನೀವೇ ಸೀಟು ಮೇಷ್ಟ್ರು. ನಿಮಗೇ ಗೊತ್ತಾಗುತ್ತೆ ಅಂತ ಕಾದೆ."

ಎಷ್ಟೋ ಗಿರಾಕಿಗಳು ಬಂದಿದ್ದರು. ಒಬ್ಬರೂ ಹಿಂದೆ ಕೂರುವವರ ಮಾತೆತ್ತಿರಲಿಲ್ಲ, ಮೇಷ್ಟ್ರೂ ಕೇಳಿರಲಿಲ್ಲ. ಗಿರಾಕಿಗಳ ಮಾತು ಅತ್ತ ಇರಲಿ, ಇಲ್ಲಿ ಹಿಂದೆ ಕೂತದ್ದು ಸ್ವಂತ ಹೆಂಡತಿ. ಅವರಿಗೆ ತುಂಬ ನಾಚಿಕೆಯಾಯಿತು. ಒಳಗೆ ಹೋಗಿ ಅಳತೆಪಟ್ಟಿ, ಸೀಮೆಸುಣ್ಣ ತಂದು ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು.

"ಹತ್ತು."

"ಅಂದೆನಲ್ಲ, ನಾನು..."

"ಹೋಗೋಕಲ್ಲವೇ. ಅಳತೆಗೆ."

ಆಕೆ ಹತ್ತಿದರು. ಮೇಷ್ಟ್ರು ಪಕ್ಕದಿಂದ ನೋಡಿದರು: ಬೆನ್ನು, ಭುಜ, ಕಂಬಿ ಹಿಡಿದು ಬಿಗಿದ ಕೈ, ಎತ್ತರಕ್ಕೆ ಮಡಿಸಿದ ಮೊಣಕಾಲು. ಗುರುತು ಹಾಕುತ್ತ ಕಣ್ಣು ಒದ್ದೆಯಾಯಿತು. "ಧೂಳು" ಎಂದರು. ಹೆಂಡತಿ ಆ ಧೂಳನ್ನು ನಂಬಿದಂತೆ ರಸ್ತೆಯ ಕಡೆ ನೋಡಿದರು.

ಎರಡು ದಿನ ಕಳೆದ ಮೇಲೆ ಹಿಂದಿನ ಸೀಟು ಗಟ್ಟಿಯಾಗಿ, ಸಮತಟ್ಟಾಗಿ ಸಿದ್ಧವಾಯಿತು. ಪಕ್ಕದಲ್ಲಿ ಕೈಗೆಟುಕುವ ಹಿಡಿಯೂ ಬಂತು. ಆಕೆ ಹತ್ತಿ ಕೂತು, ಮನೆಯ ಓಣಿ ದಾಟುವ ಮೊದಲೇ ಶುರುಮಾಡಿದರು. ಐದು ತಿಂಗಳು ಬಸ್ಸಿನ ಕಿಟಕಿಗೆ ಹೇಳಿ ಉಳಿದದ್ದೆಲ್ಲ ಬಂತು. ಟ್ಯಾಂಕಿನ ಹತ್ತಿರ ಇಬ್ಬರೂ ಇಳಿದು ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿದರು. ಹಾಲಿನ ಗಾಡಿಯವನು ಈ ಸಲ ಮೇಲೆ ನೋಡಲಿಲ್ಲ, ಇವರನ್ನೇ ನೋಡಿ ನಕ್ಕ.

ಎರಡು ನಿಮಿಷದ ಬಿಡುವು ಇಪ್ಪತ್ತು ನಿಮಿಷವಾಯಿತು. ಇಷ್ಟು ವರ್ಷ ಹೆಲ್ಮೆಟ್ಟಿನ ಹಿಂದಿನಿಂದ ಬರೀ ದನಿಯಾಗಿ ಬರುತ್ತಿದ್ದ ಮಾತಿಗೆ ಅಲ್ಲಿ ಮುಖವಿತ್ತು. ಮೇಷ್ಟ್ರು ನೋವಿಲ್ಲದೆ ಕತ್ತು ತಿರುಗಿಸಿ ಆ ಮುಖವನ್ನು ನೋಡಿ, "ಹ್ಞಾ, ಆಮೇಲೆ?" ಎಂದರು.