ಧೂಳಪ್ಪನ ಮಾತು ಮುಗಿಯುವವರೆಗೆ

ಧೂಳಪ್ಪ ನಮ್ಮ ತೆಲಸಂಗದ ದ್ರಾಕ್ಷಿ ತೋಟಗಳಲ್ಲಿ ನಲವತ್ತು ವರ್ಷದಿಂದ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುವವನು. ಯಾವ ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣು ಎಷ್ಟು ಬಿಟ್ಟು ಕತ್ತರಿಸಬೇಕು ಎಂದು ದೊಡ್ಡ ತೋಟದವರೂ ಅವನನ್ನು ಕೇಳುತ್ತಾರೆ. ಕೇಳಿದವರು ಸ್ವಲ್ಪ ಕಾಯಬೇಕು. ಅವನಿಗೆ ಸಣ್ಣಂದಿನಿಂದ ಉಗ್ಗು. ‘ಕ’ ಬಂದರೂ ‘ಮ’ ಬಂದರೂ ಮಾತು ಸಿಕ್ಕಿಕೊಳ್ಳುತ್ತದೆ. ಕಣ್ಣು ಮುಚ್ಚಿ, ಬಿಡಿಸಿಕೊಂಡು, ಮುಂದೆ ಹೋಗುತ್ತಾನೆ.

ಮದುವೆ ಮನೆಯಲ್ಲೂ ಬಾಯಿ ತೆರೆಯದ ಮನುಷ್ಯ ನಮ್ಮ ಪಡಸಾಲೆಯಲ್ಲಿ ಮಾತಾಡುತ್ತಿದ್ದ. ನನ್ನನ್ನು ‘ವೈನಿ’, ಅಂದರೆ ಅತ್ತಿಗೆ, ಅನ್ನುತ್ತಿದ್ದ. ನನ್ನ ಯಜಮಾನರು ತೀರಿಹೋದ ಮೇಲೂ, ತೋಟದಿಂದ ಮರಳುವಾಗ ದಿನಾ ಬಂದು ಚಹಾ ಕುಡಿದು ಹೋಗುತ್ತಿದ್ದ. ಅದನ್ನು ತಪ್ಪಿಸಿದವಳು ನಾನು.

ಮಗ ವಿಕ್ರಾಂತ ಒಂದು ಮಾತಾಡುವ ಸ್ಪೀಕರ್ ತಂದಿದ್ದ. ಹೆಸರು ಹಿಡಿದು ಕರೆದರೆ ನೀಲಿ ದೀಪ ಹತ್ತುತ್ತದೆ, ‘ಸ್ಟಾಪ್’ ಅಂದರೆ ಸುಮ್ಮನಾಗುತ್ತದೆ. ಹಿಂದಿಯಲ್ಲಿ ಕೇಳಿದರೆ ಹಿಂದಿಯಲ್ಲೇ ಉತ್ತರ. ನಮ್ಮ ಕಡೆಯ ಕನ್ನಡ ಅದಕ್ಕೆ ತಿಳಿಯದು. ಸೊಸೆ ಉಜ್ವಲಾ ಅಂಗನವಾಡಿ ಶಿಕ್ಷಕಿ. ಮೊದಲ ದಿನವೇ ಹೇಳಿದ್ದಳು: “ಅತ್ತ್ಯಾರ, ಪ್ರಾಜಕ್ತಾನ ಒಬ್ಬಾಕಿನ್ನ ಅದರ ಮುಂದ ಬಿಡಬ್ಯಾಡ್ರಿ. ನೀವೂ ಕೂಡ್ರಿ.”

ಹೂಂ ಅಂದೆ. ಕೂಡಲಿಲ್ಲ. ಮೊಮ್ಮಗಳಿಗೆ ನಾಲ್ಕು ವರ್ಷ, ಕೇಳುವ ಪ್ರಶ್ನೆಗಳಿಗೆ ಕೊನೆಯಿಲ್ಲ. ನಾನು ರೊಟ್ಟಿ ಬಡಿಯುವಷ್ಟು ಹೊತ್ತು, ಮುಂದೆ ಕಾಳು ಆರಿಸುವಷ್ಟು ಹೊತ್ತು, ಆಮೇಲೆ ನಾನು ಮಲಗಿ ಏಳುವಷ್ಟು ಹೊತ್ತೂ ಅದರ ಮುಂದೆಯೇ ಇರುತ್ತಿದ್ದಳು. ಸಂಜೆ ಸೊಸೆ ಕೇಳಿದರೆ “ಕತಿ ಹೇಳಿದೆ” ಅನ್ನುತ್ತಿದ್ದೆ. ಹೇಳಿದ್ದು ಸ್ಪೀಕರ್.

ಏಪ್ರಿಲ್ ಚಾಟಣಿಯ ದಿನಗಳು. ಮೋಡ ಕಟ್ಟಿತ್ತು. ಧೂಳಪ್ಪ ಚಹಾ ಕುಡಿಯುತ್ತ, “ವೈನಿ, ಇದು ಮ... ಮಳಿದೂ ಹೇಳತೈತೇನ್ರಿ?” ಅಂದ.

“ನೀನ ಕೇಳ ಅಜ್ಜಾ!” ಎಂದು ಪ್ರಾಜಕ್ತಾ ಅದರ ಹೆಸರು ಕರೆದಳು. ದೀಪ ಹತ್ತಿತು.

“ಕ... ಕ...” ಧೂಳಪ್ಪ ಕಣ್ಣು ಮುಚ್ಚಿದ. ನಾಳೆ ಎನ್ನಲು ಹಿಂದಿಯ ‘ಕಲ್’ ಎಂಬ ಮಾತು ಹೊರಡುವುದರೊಳಗೆ, ಅವನು ಕೇಳಿ ಮುಗಿಸಿದನೆಂದುಕೊಂಡು ಸ್ಪೀಕರ್ “ಮಾಫ್ ಕೀಜಿಯೇ, ಸಮಝ್ ನಹೀಂ ಆಯಾ” ಅಂದಿತು, ತಿಳಿಯಲಿಲ್ಲ ಅಂತ.

“ಲಗೂ ಹೇಳ ಅಜ್ಜಾ, ನಿಂತ್ರ ಅದು ಬಂದ ಆಗತೈತಿ.”

ಇನ್ನೊಮ್ಮೆಯೂ ಹಾಗೇ ಆಯಿತು. ಅವನು ನಗುತ್ತ ನನ್ನ ಕಡೆ ತಿರುಗಿದ. “ಹೋಗ್ಲಿ ಬಿಡ್ರಿ ವೈನಿ, ಮ... ಮ...”

ಪ್ರಾಜಕ್ತಾ ಅಂಗೈ ಎತ್ತಿ, ಸ್ಪೀಕರಿನ ದನಿಯಲ್ಲೇ ಕೂಗಿದಳು: “ಸ್ಟಾಪ್! ಸಮಝ್ ನಹೀಂ ಆಯಾ!”

ನಾನು ನಕ್ಕೆ. ಸೆರಗು ಬಾಯಿಗೆ ಹಿಡಿದೆ, ಆದರೂ ನಗು ಹೊರಗೆ ಬಂತು. ಅವನು ಮಾತು ಮುಗಿಸಲಿಲ್ಲ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ಸಂಜೆ ಉಜ್ವಲಾ ಮಗಳಿಗೆ ಏನೋ ಹೇಳುತ್ತಿದ್ದಾಗ ಅದೇ ಅಂಗೈ ಎದ್ದಿತು, “ಸ್ಟಾಪ್!” ಸೊಸೆ ನನ್ನ ಮುಖ ನೋಡಿದಳು. ಎಲ್ಲ ಹೇಳಿದೆ, ನಕ್ಕಿದ್ದನ್ನೂ. ಅವಳು ಬೈದಿದ್ದರೆ ಹಗುರಾಗುತ್ತಿತ್ತು.

“ಎಲ್ಲಾ ಅದರಿಂದನ ಆತು ಅನ್ನೂದಿಲ್ಲರಿ ಅತ್ತ್ಯಾರ. ಆದ್ರ ಅದಕ್ಕ ಹುಕುಂ ಮಾಡಿದ್ರ ಸಾಕು. ಕಾಯೂದು ಬ್ಯಾಡ, ಮಾರಿ ನೋಡೂದು ಬ್ಯಾಡ. ಅದರ ಜೋಡಿ ಕಳದ ಹೊತ್ತು ಮಂದಿ ಜೋಡಿ ಮಾತು ಕಲ್ಯಾಕ ಸಿಗೂದಿಲ್ಲ.”

ಸ್ಪೀಕರನ್ನು ಎಸೆಯಲಿಲ್ಲ. ಕಪಾಟಿನ ಮೇಲಕ್ಕೆ ಹೋಯಿತು. ಮೈಕಿನ ಗುಂಡಿ ಒತ್ತಿಟ್ಟಿರುತ್ತೇವೆ. ಆಗ ಕೆಂಪು ದೀಪ, ಕೂಗಿದರೂ ಕೇಳಿಸಿಕೊಳ್ಳದು. ಸಂಜೆ ಒಂದು ಕತೆ, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಾಗ ಮಾತ್ರ. ಕೇಳಿದ ಕತೆಯನ್ನು ಮಗು ನಮಗೆ ಕನ್ನಡದಲ್ಲಿ ತಿರುಗಿ ಹೇಳಬೇಕು. ಊಟದ ಹೊತ್ತಿಗೆ ಅದು ಬೇಡವೇ ಬೇಡ. ಏನಾದರೂ ಕೇಳುವುದಿದ್ದರೆ ಮೊದಲು ಮನೆಯವರನ್ನು. ಈ ಕಟ್ಟಳೆ ವಿಕ್ರಾಂತನಿಗೂ. ಮೊದಲ ವಾರ ಹುಡುಗಿ ನೆಲಕ್ಕೆ ಬಿದ್ದು ಅತ್ತಳು. ನಾನು ಕೈಯ ಕೆಲಸ ಬಿಟ್ಟು ಪಕ್ಕಕ್ಕೆ ಕೂಡುವುದನ್ನು ಕಲಿಯಬೇಕಾಯಿತು.

ಆಮೇಲೆ ಅವಳನ್ನು ಕರೆದುಕೊಂಡು ತೋಟಕ್ಕೆ ಹೋದೆ. ಧೂಳಪ್ಪ ಬಳ್ಳಿಯ ಕೆಳಗಿದ್ದ.

“ತಪ್ಪಾತಪಾ ಧೂಳಪ್ಪ. ಕೂಸಿಗೆ ತಿಳೀಲಿಲ್ಲ.”

ಅವನು ಕತ್ತರಿ ಮುಚ್ಚಿದ. “ಕ... ಕ... ಕೂಸಿಗೆ ತಿಳೀದಿಲ್ಲರಿ. ಆ ಡಬ್ಬಿಗೂ ತಿಳೀದಿಲ್ಲ. ನೀವು ನಕ್ಕ್ರಿ.”

“ಹೌದು, ನಕ್ಕೆ” ಅಂದೆ.

ಅವನು ಇನ್ನೂ ಮನೆಗೆ ಬಂದಿಲ್ಲ. ಬಾ ಎಂದು ಕರೆಯಲು ನನಗೆ ಬಾಯಿಲ್ಲ. ಎರಡು ದಿನಕ್ಕೊಮ್ಮೆ ನಾವೇ ಚಹಾ ತೆಗೆದುಕೊಂಡು ಹೋಗುತ್ತೇವೆ. ಮೊನ್ನೆ ಅವನು ಬಳ್ಳಿಯ ಒಂದು ಕಣ್ಣು ತೋರಿಸಿ ಪ್ರಾಜಕ್ತಾಗೆ, “ಇದು ನೋಡ, ಮ... ಮ...” ಎಂದು ಕಣ್ಣು ಮುಚ್ಚಿದ. ಅವಳ ತುಟಿ ಅಲುಗಿತು. ನಾನು ಅವಳ ಭುಜ ಮುಟ್ಟಲು ಹೋದೆ. ಅಷ್ಟರಲ್ಲಿ ಅವಳೇ ಬಾಯಿ ಬಿಗಿಹಿಡಿದು ಅವನ ಮುಖ ನೋಡುತ್ತ ನಿಂತಳು.

“...ಮೊಳಕಿ” ಅಂದ ಧೂಳಪ್ಪ. ಅದನ್ನು ಅವಳಿಗೇ ಹೇಳಿದ. ನನ್ನ ಕಡೆ ತಿರುಗಲಿಲ್ಲ.