ಅತ್ತೆ ಕೊಟ್ಟ ಪರಿಚಯ

ಪತ್ರಿಕೆಯೊಂದರಲ್ಲಿ ನನ್ನ ಬಗ್ಗೆ ಲೇಖನ ಬರುವುದಿತ್ತು. ರಾಮನಗರದ ಹೋಟೆಲು, ಚನ್ನಪಟ್ಟಣದ ಹೊಸ ಶಾಖೆ, ಇಪ್ಪತ್ತೆರಡು ಜನ ಕೆಲಸದವರು, ಎಲ್ಲಕ್ಕೂ ಕಾಗದ ತೋರಿಸಿದೆ.

"ಅಡುಗೆ ಕಲಿತದ್ದು ಎಲ್ಲಿ ಮೇಡಂ?" ಎಂದಳು ವರದಿಗಾರ್ತಿ.

"ಕನಕಪುರದಲ್ಲಿ, ನಮ್ಮತ್ತೆ ಹತ್ರ."

ಅದಕ್ಕೆ ಮಾತ್ರ ಸರ್ಟಿಫಿಕೇಟು ಇರಲಿಲ್ಲ. ನಾವು ಹೇಳಿಕೊಂಡದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸದೆ ಅವರು ಅಚ್ಚು ಹಾಕುವುದಿಲ್ಲವಂತೆ. ನನ್ನೆದುರೇ ಸ್ಪೀಕರ್ ಹಾಕಿ ಅತ್ತೆಗೆ ಫೋನ್ ಮಾಡಿದಳು.

ನಾನು ಅಡುಗೆ ಕಲಿತದ್ದು ಅವರ ಬಳಿಯೇ ಹೌದೇ ಎಂದು ಕೇಳಿದಳು. ಅತ್ತೆ ಶುರು ಮಾಡಿದರು.

"ಮೊದಮೊದ್ಲು ಎಸರು ಕುದಿಯೋಕ್ ಮುಂಚೆನೇ ರಾಗಿಹಿಟ್ಟು ಸುರೀತಿದ್ಲು. ಈಗ ಹಿಟ್ಟಾಕಿ, ಮಧ್ಯಕ್ಕೆ ಕೋಲು ಚುಚ್ಚಿ, ಬೇಯೋಗಂಟ ಕಾಯ್ತಾಳೆ. ನಾನು ಹತ್ತು ಜನಕ್ಕೆ ಮುದ್ದೆ ತಿರುವ್ತಿದ್ದೆ, ಅವ್ಳು ಇನ್ನೂರು ಜನಕ್ಕೆ ತಿರುವ್ತಾಳೆ. ಒಂದ್ ಗಂಟಿರಾಕಿಲ್ಲ."

ವರದಿಗಾರ್ತಿ ಬರೆದುಕೊಂಡಳು.

"ಹಾಗಾದ್ರೆ ಪೂರ್ತಿ ಕಲಿತಿದ್ದಾರೆ ಅಂತ ಬರೀಲಾ ಅಮ್ಮ?"

"ಅಂಗ್ ಬರೀಬ್ಯಾಡ ಕಣವ್ವ. ಓದ್ಬುಟ್ಟು ಉಪ್ಪು ನೋಡೋದ್ ಬುಟ್ಬುಡ್ತಾಳೆ."

ಲೇಖನದಲ್ಲಿ "ತರಬೇತಿ: ಅತ್ತೆಯ ಬಳಿ, ಇನ್ನೂ ನಡೆದಿದೆ" ಎಂದು ಬಂತು. ಅದಕ್ಕೆ ಕಟ್ಟು ಹಾಕಿಸಿ, ಹೋಟೆಲಿನ ಲೈಸೆನ್ಸಿನ ಪಕ್ಕದಲ್ಲೇ ನೇತುಹಾಕಿದ್ದೇನೆ. ಲೈಸೆನ್ಸು ಕೊಟ್ಟವರು ನನ್ನನ್ನು ಇಷ್ಟು ಪರೀಕ್ಷೆ ಮಾಡಿರಲಿಲ್ಲ.