ನಾಲ್ಕನೇ ಏಟಿನ ‘ಹೊಯ್’

ನಮ್ಮ ಏರಿಯಾ ಕ್ರಿಕೆಟ್ ಟೀಮಿನ ಘೋಷಣೆಗೆ ನಾನು ಒಂದೇ ಒಂದು ‘ಹೊಯ್’ ಸೇರಿಸಿದೆ. ಅದರಿಂದ ಒಬ್ಬನ ಬಲಗಣ್ಣು ಹೋಯಿತು.

ಉತ್ಪ್ರೇಕ್ಷೆ ಅಂತೀರಾ? ಪೂರ್ತಿ ಕೇಳಿ.

ಬಾಗಲಗುಂಟೆ ಟೀಮಿನ ಹುಡುಗರೆಲ್ಲ ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿಯುವವರು. ಆಡೋದು ಟೆನಿಸ್ ಬಾಲಿನಲ್ಲಿ, ಭಾನುವಾರ ಮಾತ್ರ. ಘೋಷಣೆ ಕೂಗಿಸುವವರು ನಿಂಗಣ್ಣ. ತಗಡು ಒತ್ತುವ ಪವರ್ ಪ್ರೆಸ್ ಮುಂದೆ ನಿಂತು ನಿಂತು ತಲೆ ನರೆತ ಮನುಷ್ಯ. ಘೋಷಣೆಯೂ ಅವರದೇ:

ಯಾರ್-ಬಂ-ದ್ರೂ?
ನಾವ್-ಬಂ-ದ್ವೀ!
ಎಲ್-ಲಿಂ-ದಾ?
ಬಾಗಲ-ಗುಂ-ಟೇ!

ಕೈ ತಟ್ಟಿ ಹೇಳಿ ನೋಡಿ. ಸಾಲಿಗೆ ಮೂರು ಏಟು. ಪ್ರಶ್ನೆ ಒಬ್ಬರದು, ಉತ್ತರ ಎಲ್ಲರದು. ಹೊಸಬ ಬಂದರೂ ಎರಡನೇ ಸುತ್ತಿಗೆ ಬಾಯಿಗೆ ಬರುತ್ತದೆ. ಸಾಲಿನ ಕೊನೆಗೆಲ್ಲ ದೀರ್ಘ, ಬಾಯಿ ತೆರೆದೇ ಇರುತ್ತದೆ. ಹಾಗಾಗಿ ದನಿ ಬೌಂಡರಿ ದಾಟಿ ಹೋಗುತ್ತದೆ. ಆಮೇಲೆ ನಾಲ್ಕನೇ ಏಟು. ಅದು ಖಾಲಿ. ಎಲ್ಲರೂ ಉಸಿರು ಎಳೆದುಕೊಳ್ಳುವ ಜಾಗ.

(ಬರೆಯುವವರಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ನನ್ನ ರೋಗವೂ ಅದೇ.)

ಟೂರ್ನಮೆಂಟ್ ಫೈನಲ್‌ಗೆ ಮುಂಚೆ ಹುಡುಗರು ಬಂದರು. ‘ಸಾರ್, ಪೇಪರಲ್ಲಿ ಬರೀತೀರಲ್ಲ, ನಮ್ದೂ ಸ್ವಲ್ಪ ಪವರ್‌ಫುಲ್ ಮಾಡ್ಕೊಡಿ.’ ನಾನು ಉಬ್ಬಿಹೋದೆ. ನಾಲ್ಕನೇ ಏಟಿಗೆ ‘ಹೊಯ್’ ತುರುಕಿದೆ. ಹಾಗಾದರೆ ಉಸಿರು? ಅದಕ್ಕೂ ಐಡಿಯಾ ಇತ್ತು. ಮೈದಾನದ ಸುತ್ತ ನಿಂತು ಕೂಗುವ ಜನರನ್ನು ಎರಡು ಗುಂಪು ಮಾಡಿದೆ. ಕಾಂಪೌಂಡ್ ಕಡೆಯವರು ಸಾಲು ಕೂಗಬೇಕು, ವಾಟರ್ ಟ್ಯಾಂಕ್ ಕಡೆಯವರು ‘ಹೊಯ್’ ಅಂತ ತುಂಬಬೇಕು. ಒಬ್ಬರು ಉಸಿರು ಎಳೆಯುವಾಗ ಇನ್ನೊಬ್ಬರ ದನಿ. ಸಂದೇ ಇಲ್ಲ!

ನಿಂಗಣ್ಣನಿಗೆ ಇಷ್ಟವಾಗಲಿಲ್ಲ.

‘ಬ್ಯಾಡ ಸಾರ್. ಪ್ರೆಸ್ಸಲ್ಲಿ ಏಟಿಗೂ ಏಟಿಗೂ ಮಧ್ಯ ಕೈ ಆಚೆ ತೆಗೆಯೋಕೆ ಟೈಮ್ ಬೇಕು. ಇದೂ ಅಂಗೇ. ಒಳಗೆ ಆಡೋರು ಒಬ್ರಿಗೊಬ್ರು ಕೂಗ್ಕೋಬೇಕಲ್ವಾ?’

‘ನಿಂಗಣ್ಣ, ಇದು ಕ್ರಿಕೆಟ್ಟು, ಫ್ಯಾಕ್ಟರಿ ಅಲ್ಲ’ ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯ.

ಫೈನಲ್ ದಿನ ಘೋಷಣೆ ಸಕ್ಕತ್ತಾಗಿ ಕೂತಿತು. ಬಾಲ್ ಆಟದಲ್ಲಿದ್ದರೂ ಯಾರೂ ಬಾಯಿ ಮುಚ್ಚಲಿಲ್ಲ. ಟ್ಯಾಂಕ್ ಕಡೆಯವರು ನಿಲ್ಲಿಸದೆ ಕಾಂಪೌಂಡ್ ಕಡೆಯವರು ನಿಲ್ಲಿಸುವುದು ಹೇಗೆ? ಕೊನೆಯ ಓವರ್. ನಮ್ಮದು ಫೀಲ್ಡಿಂಗ್. ಬ್ಯಾಟ್ಸ್‌ಮನ್ ಎತ್ತಿ ಹೊಡೆದ. ಬಾಲ್ ನೆಟ್ಟಗೆ ಆಕಾಶಕ್ಕೆ. ಅದರ ಕೆಳಗೆ ಒಂದು ಕಡೆಯಿಂದ ಬಸವರಾಜ ಓಡಿದ, ಇನ್ನೊಂದು ಕಡೆಯಿಂದ ಮಹೇಶ. ಇಬ್ಬರ ಕಣ್ಣೂ ಮೇಲೆ. ಬಾಗಲ-ಗುಂ-ಟೇ-ಹೊಯ್!

ಮಹೇಶನ ಮೊಣಕೈ ಬಸವರಾಜನ ಬಲಗಣ್ಣಿಗೆ ಬಡಿಯಿತು. ಅವನು ಬಿದ್ದ ಜಾಗದಿಂದ ಏಳಲಿಲ್ಲ.

‘ನಿಲ್ಸ್ರೋ! ನಿಲ್ಸ್ರೋ!’ ಅಂತ ನಾನು ಗಂಟಲು ಹರಿಯುವಂತೆ ಅರಚಿದೆ. ಪಕ್ಕದಲ್ಲಿದ್ದವನಿಗೂ ಕೇಳಿಸಲಿಲ್ಲ. ಬಸವರಾಜ ಬಿದ್ದ ಮೇಲೂ ಎರಡು ಸುತ್ತು ನಡೆಯಿತು ನನ್ನ ಪವರ್‌ಫುಲ್ ಘೋಷಣೆ.

ಕಣ್ಣಿನ ನರಕ್ಕೇ ಪೆಟ್ಟಾಗಿದೆ, ದೃಷ್ಟಿ ಮರಳುವುದಿಲ್ಲ ಅಂದರು ಡಾಕ್ಟರ್.

ಕಳೆದ ವಾರ ಬಸವರಾಜನ ರೂಮಿಗೆ ಹೋಗಿದ್ದೆ. ರಾಯಚೂರು ಕಡೆಯ ಹುಡುಗ, ಕಬ್ಬಿಣ ಕಡೆಯುವ ಲೇತ್ ಮಷೀನಿನ ಆಪರೇಟರ್. ಅಲ್ಲ, ಆಪರೇಟರ್ ಆಗಿದ್ದ. ಎದ್ದು ಚಹಾ ಸುರಿಯಲು ಹೋದ, ಲೋಟದ ಪಕ್ಕ ಸುರಿದ. ನಾನು ನೋಡದವನ ಹಾಗೆ ಕೂತೆ.

‘ಟೂಲ್ ಎಷ್ಟ್ ಹತ್ರ ಬಂತು ಅನ್ನೋದ ಒಂದ ಕಣ್ಣಿಗೆ ತಿಳಿಯಂಗಿಲ್ರಿ ಸರ. ಮಷೀನ್ ಹತ್ರ ಬರಬ್ಯಾಡ ಅಂದಾರ. ಗೇಟಿನ್ಯಾಗ ಕೂಡ್ತೀಯೇನು ಅಂತ ಕೇಳ್ಯಾರ.’

‘ಸಾರಿ’ ಅನ್ನಲೇ? ಆ ಪದಕ್ಕೆ ನಾಚಿಕೆಯಾಗಬೇಕು. ಅವನೇ ಹೇಳಿದ:

‘ಕ್ಯಾಚ್‌ಗೆ ಓಡುವಾಗ ನಾ ಕೂಗಿದ್ದೆರಿ ಸರ. “ನಂದು, ನಂದು, ನಂದು” ಅಂತ ಮೂರು ಸಲ.’

ದೂರುವ ದನಿಯೂ ಇರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಮಗೇನಾಗಿದೆ ಹೇಳಿ? ಸಿಗ್ನಲ್ ಹಸಿರಾಗುವ ಮೊದಲೇ ಹಾರ್ನ್. ಆಫೀಸ್ ಕಾಲ್‌ನಲ್ಲಿ ಎರಡು ಕ್ಷಣ ಯಾರೂ ಮಾತಾಡದಿದ್ದರೆ ‘ಹಲೋ, ಕೇಳಿಸ್ತಿದೆಯಾ?’ ಸಂದು ಕಂಡಲ್ಲೆಲ್ಲ ಸದ್ದು ತುಂಬುತ್ತೇವೆ. ಆ ಸಂದಿನಲ್ಲೇ ಇನ್ನೊಬ್ಬನ ದನಿ ಬರಬೇಕು ಅನ್ನೋದು ಪ್ರೆಸ್ ಆಪರೇಟರ್‌ಗೆ ಗೊತ್ತಿತ್ತು. ಅಂಕಣಕಾರನಿಗೆ ಗೊತ್ತಿರಲಿಲ್ಲ.

ಮೊನ್ನೆ ಭಾನುವಾರ ಮತ್ತೆ ಮ್ಯಾಚ್. ‘ಹೊಯ್ ತೆಗೀರಪ್ಪಾ’ ಅಂತ ಕೈಮುಗಿದು ಕೇಳಿದೆ. ‘ಅದಿಲ್ದಿದ್ರೆ ಸಪ್ಪೆ ಸಾರ್’ ಅಂದರು. ನಿಂಗಣ್ಣ ಬರುವುದನ್ನೇ ಬಿಟ್ಟಿದ್ದಾರೆ. ಬಸವರಾಜನ ಜಾಗದಲ್ಲಿ ಬೇರೆಯವನು ನಿಂತಿದ್ದ.

ಅವನು ‘ನಂದು’ ಅಂದರೆ ಯಾರಿಗೆ ಕೇಳಿಸಬೇಕು?